ಇಪ್ಪತ್ತೊಂಬತ್ತಕ್ಕೆ ಎರಡು ಕಡಿಮೆ

ಕುಂದಗೋಳ ತಾಲೂಕಿನ ಒಂದು ಸಣ್ಣ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ನಾನು ಆಗಷ್ಟೇ ಸೇರಿದ್ದೆ. ಇಲೆಕ್ಟ್ರಾನಿಕ್ಸ್ ವಿಭಾಗ, ಗುತ್ತಿಗೆ ನೌಕರಿ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಹೆದರಿಕೆ ಸದಾ ಎದೆಯಲ್ಲಿರುತ್ತಿತ್ತು. ನಾನು ಮಾಡಿದ್ದಕ್ಕೆ ಆ ಹೆದರಿಕೆ ಕಾರಣ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ.

ಅಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ನನಗಿಂತ ಹತ್ತು ವರ್ಷ ದೊಡ್ಡವರು. ಹತ್ತಿರದ ಸಂಶಿ ಊರಿನವರು, ಮನೆ ತುಂಬ ನೇಕಾರರಿದ್ದ ಮುಸ್ಲಿಂ ಕುಟುಂಬ. ಐಟಿಐ ಮುಗಿಸಿ, ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ ಅರ್ಧ ಆಯುಷ್ಯ ಕಳೆದು, ಆಮೇಲೆ ಡಿಪ್ಲೊಮಾಕ್ಕೆ ನೇರ ಎರಡನೇ ವರ್ಷಕ್ಕೆ ಸೇರಿದ್ದರು. ಹುಡುಗರು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ. ಎರಡನೇ ವರ್ಷ ಕಾಮಾಲೆಯಾಗಿ ಅವರಿಗೆ ಒಂದು ಪ್ರಾಯೋಗಿಕ ಪರೀಕ್ಷೆ ತಪ್ಪಿತ್ತು. ಉಳಿದದ್ದೆಲ್ಲ ಪಾಸು. ಅದೊಂದು ದಾಟಿದರೆ ಕೈಗೆ ಡಿಪ್ಲೊಮಾ. ಸರಕಾರಿ ಜೂನಿಯರ್ ಎಂಜಿನಿಯರ್ ಹುದ್ದೆಯೊಂದಕ್ಕೆ ಅರ್ಜಿ ಹಾಕಲು ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯ ವರ್ಷ.

ಪರೀಕ್ಷೆಯ ಹಿಂದಿನ ದಿನ ಸಾಮಾನುಗಳ ಡಬ್ಬಿ ಹೊಂದಿಸುವ ಕೆಲಸ ನನ್ನದಾಗಿತ್ತು. ತಾನಾಗಿಯೇ ತೆರೆಗಳನ್ನು ಹುಟ್ಟಿಸುವ ಫೇಸ್ ಶಿಫ್ಟ್ ಆಸಿಲೇಟರ್ ಸರ್ಕೀಟಿನ ಪ್ರಯೋಗಕ್ಕೆ ಎರಡು ಡಬ್ಬಿ. ಆಂಪ್ಲಿಫೈಯರ್ ಆಗಿ ಕೆಲಸ ಮಾಡುವ ಒಂದು ಆಪ್-ಆಂಪ್ ಚಿಪ್, ಮೂರು ಹತ್ತು ಕಿಲೋಓಮ್ ರೆಸಿಸ್ಟರ್, ಮೂರು ಕೆಪಾಸಿಟರ್, ಸಂಕೇತ ಎಷ್ಟು ಪಟ್ಟು ಹೆಚ್ಚಬೇಕೆಂಬ ಗೇನ್ ಕೊಡುವ ಒಂದು ದೊಡ್ಡ ರೆಸಿಸ್ಟರ್. ಪಟ್ಟಿಯಲ್ಲಿ ಅದು ಮುನ್ನೂರಾ ಮೂವತ್ತು ಕಿಲೋಓಮ್ ಎಂದಿತ್ತು. ಕಪಾಟಿನಲ್ಲಿ ಸಿಕ್ಕಿದ್ದು ಒಂದೇ. ಎರಡನೇ ಡಬ್ಬಿಗೆ ಇನ್ನೂರಾ ಎಪ್ಪತ್ತರದ್ದು ಹಾಕಿದೆ. ಹತ್ತಿರ ಹತ್ತಿರ ಇದೆಯಲ್ಲ, ನಡೆಯುತ್ತದೆ ಅಂದುಕೊಂಡೆ. ಲೆಕ್ಕ ಹಾಕಿ ನೋಡಲಿಲ್ಲ.

ಅದು ನಡೆಯುವುದಿಲ್ಲ. ಆ ಸರ್ಕೀಟಿನಲ್ಲಿ ಹೊರಬಂದ ಸಂಕೇತ ಮೂರು ರೆಸಿಸ್ಟರ್-ಕೆಪಾಸಿಟರ್ ಜೋಡಿಗಳನ್ನು ಹಾಯ್ದು ಮತ್ತೆ ಒಳಗೆ ಬರಬೇಕು. ಒಂದೇ ಒಂದು ಆವರ್ತನದಲ್ಲಿ ಮಾತ್ರ ಆ ಮೂರೂ ಸೇರಿ ಅದನ್ನು ಸರಿಯಾಗಿ ನೂರಾ ಎಂಬತ್ತು ಡಿಗ್ರಿ ತಿರುಗಿಸುತ್ತವೆ. ಉಳಿದ ಅರ್ಧ ತಿರುವನ್ನು ಆಂಪ್ಲಿಫೈಯರ್ ಕೊಡುತ್ತದೆ. ಆದರೆ ದಾರಿಯಲ್ಲಿ ಸಂಕೇತ ಇಪ್ಪತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದನ್ನು ಆಂಪ್ಲಿಫೈಯರ್ ಕನಿಷ್ಠ ಇಪ್ಪತ್ತೊಂಬತ್ತು ಪಟ್ಟು ಎತ್ತಿಕೊಟ್ಟರೆ ಆಂದೋಲನ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಹತ್ತು ಕಿಲೋಓಮ್‌ಗೆ ಇನ್ನೂರಾ ಎಪ್ಪತ್ತು ಎಂದರೆ ಗೇನ್ ಇಪ್ಪತ್ತೇಳು. ಇದನ್ನೇ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ.

ಮರುದಿನ ಬೆಳಗ್ಗೆ ಚೀಟಿ ಎತ್ತಿದಾಗ ಕಾಕಾನಿಗೆ ಆ ಪ್ರಯೋಗವೇ ಬಂತು, ಎರಡನೇ ಡಬ್ಬಿಯೇ ಬಂತು. ಅವರು ಹತ್ತು ನಿಮಿಷದಲ್ಲಿ ಜೋಡಿಸಿದರು. ತಂತಿ ಒಂದೂ ಅಡ್ಡಾದಿಡ್ಡಿ ಇರಲಿಲ್ಲ. ಉತ್ತರಪತ್ರಿಕೆಯಲ್ಲಿ ಆವರ್ತನದ ಸೂತ್ರ ಬರೆದು, ಎರಡು ಪೈ, ಆರರ ವರ್ಗಮೂಲ, ಆರ್, ಸಿ ಎಲ್ಲ ಗುಣಿಸಿ, ಅದರಿಂದ ಒಂದನ್ನು ಭಾಗಿಸಿ, ಆರುನೂರಾ ಐವತ್ತು ಹರ್ಟ್ಸ್ ಎಂದು ಉತ್ತರ ತೆಗೆದಿದ್ದರು. ಸರಿಯಾಗಿತ್ತು. ಆದರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದು ಹಸಿರು ಗೆರೆ ಅಡ್ಡಲಾಗಿ ಬಿದ್ದುಕೊಂಡಿತ್ತು, ಅಷ್ಟೇ.

ಅವರು ಆ ದೊಡ್ಡ ರೆಸಿಸ್ಟರನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು, ನೇರಳೆ, ಹಳದಿ ಪಟ್ಟಿ. ಹೊರಗಿನಿಂದ ಬಂದ ಪರೀಕ್ಷಕರ ಕಡೆ ತಿರುಗಿ ಹೇಳಿದರು.

"ಸರ, ಇದು ಚಾಲೂ ಆಗಂಗಿಲ್ರಿ. ಇನ್ನೂರಾ ತೊಂಬತ್ತಕ್ಕಿಂತ ಜಾಸ್ತಿ ಬೇಕ್ರಿ. ಇದು ಇನ್ನೂರಾ ಎಪ್ಪತ್ತು ಐತಿ."

ಪರೀಕ್ಷಕರು ಹಿರಿಯರು, ಅವಸರದಲ್ಲಿದ್ದರು. "ಬಾಜೂ ಟೇಬಲ್‌ದವಂದು ಬಂದೈತಲ್ಲ? ಅದs ಸರ್ಕೀಟು."

"ಅವನ ರೆಸಿಸ್ಟರ್ ಬ್ಯಾರೇ ಐತ್ರಿ. ನನಗ ಒಂದು ನಲವತ್ತೇಳು ಕಿಲೋಓಮ್ ಕೊಡ್ರಿ ಸಾಕು. ಇದಕ್ಕ ಸಿರೀಸ್ ಹಾಕ್ತೀನಿ, ತೆರಿ ಬರ್ತಾವ."

"ಕೊಟ್ಟ ಸಾಮಾನಿನಾಗ ಮಾಡಬೇಕು. ಮಾಡಾಕ ಬರಲಿಲ್ಲಂದ್ರ ಸಾಮಾನಿನ ಮ್ಯಾಲೆ ಹಾಕೂದು ಅಗದಿ ಸರಳ." ಆಮೇಲೆ ಅವರು ನನ್ನನ್ನು ಕೇಳಿದರು: "ಏನ್ರಿ ಮೇಡಂ, ಡಬ್ಬಿ ನೀವ ಹೊಂದಿಸೀರಲ್ಲ? ಸರಿ ಐತೇನ್ರಿ?"

ನಲವತ್ತೇಳು ಕಿಲೋಓಮ್‌ಗಳ ಪೊಟ್ಟಣ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕಾಕಾ ನನ್ನನ್ನೇ ನೋಡುತ್ತಿದ್ದರು. ತಪ್ಪು ಒಪ್ಪಿದರೆ ಪ್ರಾಂಶುಪಾಲರ ಕಿವಿಗೆ ಹೋಗುತ್ತದೆ, ಪರೀಕ್ಷೆಯ ಕಾಗದದಲ್ಲಿ ಬರೆಯುತ್ತಾರೆ, ನೌಕರಿ ಹೋಗುತ್ತದೆ. ಇದೆಲ್ಲ ಒಂದೇ ಉಸಿರಿನಲ್ಲಿ ತಲೆಗೆ ಬಂತು.

"ಪಟ್ಟಿ ಪ್ರಕಾರನs ಹಾಕೀನ್ರಿ ಸರ," ಅಂದೆ.

ಕಾಕಾ ರೆಸಿಸ್ಟರನ್ನು ಇದ್ದ ಜಾಗಕ್ಕೇ ಚುಚ್ಚಿ, ಪವರ್ ಸಪ್ಲೈ ಆರಿಸಿ, ಕೈಕಟ್ಟಿ ಕುಳಿತರು. ಮೌಖಿಕ ಪ್ರಶ್ನೆಗಳಿಗೂ ಗೋಡೆ ನೋಡುತ್ತಾ ಒಂದೊಂದೇ ಮಾತು. ಫೇಲಾದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಅವರು ಜೋಡಿಸಿದ್ದ ಸರ್ಕೀಟ್ ಬೋರ್ಡಿಗೆ ವಿದ್ಯುತ್ ಕೊಟ್ಟೆ. ಗೆರೆ ಅಲುಗಲಿಲ್ಲ. ಕಪಾಟಿನಿಂದ ನಲವತ್ತೇಳರದ್ದೊಂದು ತೆಗೆದು ಸರಣಿಯಲ್ಲಿ ಸೇರಿಸಿದೆ. ಮೊದಲು ಗೆರೆ ಸ್ವಲ್ಪ ನಡುಗಿತು. ನಡುಕ ಬೆಳೆದು ಬೆಳೆದು ಪರದೆಯ ತುಂಬ ತೆರೆಗಳಾದವು, ತುದಿಗಳು ತುಸು ಚಪ್ಪಟೆ. ಆವರ್ತನ ಅಳೆದೆ. ಅವರು ಬರೆದಿದ್ದ ಅಂಕಿಯ ಹತ್ತಿರವೇ ಇತ್ತು. ಪರೀಕ್ಷಕರು ಇನ್ನೂ ಹೊರಟಿರಲಿಲ್ಲ, ಪ್ರಾಂಶುಪಾಲರ ಕೋಣೆಯಲ್ಲಿ ಊಟ ಮಾಡುತ್ತಿದ್ದರು. ಬಾಗಿಲವರೆಗೆ ಹೋದೆ. ಒಳಗೆ ನಗುವ ಸದ್ದು ಕೇಳಿತು. ತಿರುಗಿ ಬಂದು ಬೋರ್ಡು ಬಿಚ್ಚಿ ಎಲ್ಲವನ್ನೂ ಡಬ್ಬಿಗೆ ಹಾಕಿದೆ.

ಆರು ತಿಂಗಳ ನಂತರ ಅವರು ಅದೇ ಪರೀಕ್ಷೆ ಬರೆದು ಸಲೀಸಾಗಿ ಪಾಸಾದರು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿ ಹೋಗಿತ್ತು, ವಯಸ್ಸೂ ದಾಟಿತ್ತು. ಡಿಪ್ಲೊಮಾದ ಕಾಗದ ಒಯ್ಯಲು ಅವರು ಬರಲೇ ಇಲ್ಲ. ಅವರ ತಮ್ಮ ಬಂದು ಸಹಿ ಹಾಕಿ ಒಯ್ದ.

ನನ್ನನ್ನು ಮುಂದಿನ ವರ್ಷವೂ ಕರೆದರು, ಅದರ ಮುಂದಿನ ವರ್ಷವೂ ಕರೆದರು. ಮೂರನೇ ವರ್ಷ ಒಂದು ಮಧ್ಯಾಹ್ನ ಸಂಶಿಯ ಬಸ್ ಹತ್ತಿದೆ. ಸಂತೆಯ ಬೀದಿಯಲ್ಲಿ ಅವರ ಅಂಗಡಿ. ಮಗ್ಗಗಳ ಮೋಟಾರು, ಹೊಲದ ಪಂಪ್‌ಸೆಟ್ಟುಗಳ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು, ಸ್ಟೂಲು ಒರೆಸಿ ಕೊಟ್ಟರು.

"ಅವತ್ತು ರೆಸಿಸ್ಟರ್ ತಪ್ಪು ಹಾಕಿದ್ದು ನಾನು," ಅಂದೆ. "ಗೊತ್ತಿದ್ದೂ ಸುಳ್ಳು ಹೇಳಿದೆ."

ಅವರು ಕೈಯಲ್ಲಿದ್ದ ಕಾಯಿಲ್ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ ಮೇಡಂ. ನೀವು ಪಟ್ಟಿ ಪ್ರಕಾರ ಅನ್ನೂಕಿಂತ ಮೊದಲ ಕಪಾಟಿನ ಕಡೆ ಹೊಳ್ಳಿ ನೋಡಿದ್ರಿ."

"ಯಾಕ ಯಾರಿಗೂ ಹೇಳಲಿಲ್ರಿ?"

"ಯಾರಿಗೆ ಹೇಳಲ್ರಿ? ಫೇಲಾದಾಂವ ಹೇಳಿದ್ರ ಯಾರು ಕೇಳ್ತಾರ? ನೀವು ಹೇಳಿದ್ರ ಕೇಳ್ತಿದ್ರು."

ನಾನು ಕ್ಷಮಿಸಿ ಅಂದೆ. ಅವರು ಸುತ್ತು ಎಣಿಸುತ್ತಿದ್ದರು, ಎಣಿಕೆ ತಪ್ಪಿತೇನೋ, ತಂತಿಯನ್ನು ಬಿಚ್ಚಿ ಮೊದಲಿಂದ ಶುರು ಮಾಡಿದರು. 

"ಕುಂದಗೋಳದ ಬಸ್ ಬರೂ ಹೊತ್ತಾತ್ರಿ," ಅಂದರು ಕೊನೆಗೆ, ತಲೆ ಎತ್ತದೆ. "ಹೋಗ್ರಿ. ಇದು ತಪ್ಪಿದ್ರ ಮುಂದಿಂದು ಭಾಳ ತಡ."