ಪ್ಲಸ್ ಎಂದು ಕೇಳಿ ತಂದ ಔಷಧಿ

ಆ ಮಳೆಗಾಲದಲ್ಲಿ ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿ ಮನೆಗೊಬ್ಬರು ಜ್ವರ ಬಂದು ಮಲಗಿದ್ದರು. ಆರು ವರ್ಷದ ನನ್ನ ಮಗಳ ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಎಂದು ಬಂತು. ದವಾಖಾನೆಯ ಡಾಕ್ಟರಮ್ಮ ಅವಳನ್ನು ತೂಗಿ ಪ್ಯಾರಾಸಿಟಮಾಲ್ ಸಿರಪ್ ಒಂದನ್ನೇ ಬರೆದರು. ತೂಕಕ್ಕೆ ತಕ್ಕಷ್ಟು ಎಂದು ಸೀಸೆಯ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆಯನ್ನೂ ಎಳೆದುಕೊಟ್ಟರು.

"ಆರು ಗಂಟೆಗೊಮ್ಮೆ. ದಿನಕ್ಕೆ ನಾಲ್ಕೇ ಸಲ. ನಡುವೆ ಜ್ವರ ಏರಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಿ, ಕುಡಿಯೋಕೆ ಕೊಡ್ತಾ ಇರಿ. ಬೇರೆ ಯಾವ ಜ್ವರದ ಔಷಧಿಯೂ ಬೇಡ," ಎಂದು ಹಿಂದಿಯಲ್ಲಿ ಹೇಳಿದರು. ನಾನು ತಲೆಯಾಡಿಸಿದೆ. ಯಾಕೆ ಬೇಡ ಎಂದು ಕೇಳಲಿಲ್ಲ. ಹೊರಗೆ ಸಾಲು ಉದ್ದವಿತ್ತು.

ಮೂರನೆಯ ದಿನ ಔಷಧಿ ಕೊಟ್ಟು ನಾಲ್ಕು ಗಂಟೆ ಆಗುವುದರೊಳಗೆ ಮೈ ಮತ್ತೆ ಕೆಂಡವಾಯಿತು. ನಾನು ಗಡಿಯಾರ ನೋಡುತ್ತ ಬಟ್ಟೆ ಹಿಂಡಿ ಹಣೆ ಒರೆಸುತ್ತಿದ್ದೆ. ಅತ್ತೆಗೆ ತಡೆಯಲಾಗಲಿಲ್ಲ.

"ಗಡಿಯಾರ ನೋಡ್ಕೋತ ಕುಂತ್ರ ಜ್ವರ ಇಳೀತೈತೇನವಾ? ಕೂಸು ಸುಡಾಕತ್ತೈತಿ."

"ಡಾಕ್ಟರ್ ಆರು ತಾಸು ಅಂದಾರ್ರೀ ಅತ್ತಿ."

"ಅವರ ಮನೀ ಕೂಸಾಗಿದ್ರ ಆರು ತಾಸು ಕಾಯ್ತಿದ್ರೇನು? ಮ್ಯಾಲಿನ ಮನೀಯಾಕಿ ಪ್ಲಸ್ ತಂದಿದ್ಲು. ಒಂದ ತಾಸಿನ್ಯಾಗ ಹುಡುಗಿ ಎದ್ದು ಆಡಾಕತ್ತಿತ್ತು. ಹೋಗಿ ಅದನ್ನ ತಾ."

ನಮ್ಮ ಓಣಿಯಲ್ಲಿ ಪ್ಲಸ್ ಎಂದರೆ ಅದೇ ಸಾಮಾನು, ಸ್ವಲ್ಪ ಜೋರಾದದ್ದು. ಸಾಬೂನಿಗೂ ಹಾಗೆಯೇ, ಮೊಬೈಲಿಗೂ ಹಾಗೆಯೇ. ಮೆಡಿಕಲ್ ಅಂಗಡಿಯಲ್ಲಿ "ಬುಖಾರ್ ಕಾ ಪ್ಲಸ್‌ವಾಲಾ ದೇನಾ, ಬಚ್ಚೀ ಕೆ ಲಿಯೆ" ಎಂದು ಮಗುವಿಗೆ ಜ್ವರದ ಪ್ಲಸ್ ಕೇಳಿದೆ. ಅವನು ಚೀಟಿ ಕೇಳಲಿಲ್ಲ, ಯಾವ ಜ್ವರ ಎಂದೂ ಕೇಳಲಿಲ್ಲ. ನಾನೂ ಡೆಂಗ್ಯೂ ಎಂದು ಹೇಳಲಿಲ್ಲ.

ಹಳೆಯ ಸಿರಪ್ಪನ್ನು ಅದರ ಹೊತ್ತಿಗೆ ಕೊಟ್ಟೆ, ಪ್ಲಸ್ ಅನ್ನು ನಡುನಡುವೆ ಕೊಟ್ಟೆ. ಎರಡು ದಿನದಲ್ಲಿ ಐದು ಸಲ. ಜ್ವರ ನಿಜವಾಗಿಯೂ ಬೇಗ ಇಳಿಯುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಮೈ ಪೂರಾ ತಣ್ಣಗಿತ್ತು. ಮನೆದೇವರು ಮಲ್ಲಯ್ಯ ಕಣ್ಣು ತೆರೆದ ಎಂದು ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ.

ಮಧ್ಯಾಹ್ನ ಅವಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಕುಡಿದ ನೀರೂ ವಾಂತಿಯಾಯಿತು. ಮಲ ಡಾಂಬರಿನಂತೆ ಕಪ್ಪಗಿತ್ತು. ಅಂಗೈ ಮುಟ್ಟಿದರೆ ಐಸು ಮುಟ್ಟಿದಂತೆ. ಟ್ಯಾಕ್ಸಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು.

ಮಕ್ಕಳ ವಾರ್ಡಿನ ಡಾಕ್ಟರ್ ನಾಡಿ ಹಿಡಿದವರೇ ಸಲೈನ್ ಹಚ್ಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಏನೇನು ಔಷಧಿ ಕೊಟ್ಟಿರಿ ಎಂದು ಕೇಳಿದರು. ಅತ್ತೆ ಹಿಂದಿನಿಂದ ನನ್ನ ಸೆರಗು ಜಗ್ಗಿದರು.

"ಹೇಳಬ್ಯಾಡ. ಬೈದು ಹೊರಗ ಹಾಕ್ತಾರ."

ನನಗೂ ಅದೇ ಭಯ. ಆದರೆ ಮಗಳ ತುಟಿ ನೋಡಿದೆ, ಬಣ್ಣವೇ ಇರಲಿಲ್ಲ. ಚೀಲದಿಂದ ಎರಡೂ ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಎಷ್ಟು ಸಲ, ಯಾವ ಯಾವ ಹೊತ್ತಿಗೆ ಎಂದೂ ಹೇಳಿದೆ.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪ್ಲಸ್ ಸೀಸೆಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದರು. "ಪ್ಲಸ್ ಅಂದರೆ ಜೋರು ಅಂತಲ್ಲಮ್ಮ, ಇನ್ನೊಂದು ಔಷಧಿ ಕೂಡಿಸಿದ್ದಾರೆ ಅಂತ. ಇದರಲ್ಲಿ ಐಬುಪ್ರೊಫೆನ್ ಇದೆ. ಡೆಂಗ್ಯೂದಲ್ಲಿ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತೆ. ಉಳಿದವಕ್ಕೂ ಇದು ಸರಿಯಾಗಿ ಕೆಲಸ ಮಾಡೋಕೆ ಬಿಡಲ್ಲ, ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತೆ. ಅಲ್ಲಿಂದ ರಕ್ತ ಹೋಗುತ್ತೆ, ಮಲ ಕಪ್ಪಾಗಿದ್ದು ಅದಕ್ಕೇ. ಆಸ್ಪಿರಿನ್ನೂ ಹೀಗೇ."

ಇನ್ನೊಂದು ಮಾತನ್ನೂ ಹೇಳಿದರು. ಪ್ಲಸ್‌ನಲ್ಲಿ ಪ್ಯಾರಾಸಿಟಮಾಲೂ ಇತ್ತಂತೆ. ನಾನು ಎರಡು ಸೀಸೆಯಿಂದಲೂ ಅದನ್ನೇ ಕುಡಿಸಿದ್ದೆ. ಡೆಂಗ್ಯೂದಲ್ಲಿ ಲಿವರ್ ಮೊದಲೇ ನೊಂದಿರುತ್ತದೆ, ಹಾಗಾಗಿಯೇ ಆರು ಗಂಟೆಯ ಅಂತರ, ನಾಲ್ಕೇ ಸಲದ ಮಿತಿ. ಪ್ಯಾರಾಸಿಟಮಾಲ್ ಡೆಂಗ್ಯೂವನ್ನು ವಾಸಿ ಮಾಡುವುದಿಲ್ಲ, ಮೈ ತಾನೇ ಸುಧಾರಿಸುವವರೆಗೆ ನೋವು, ಜ್ವರ ಕಡಿಮೆ ಮಾಡುತ್ತದೆ, ಅಷ್ಟೇ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ ಕಾಲವೆಂದರು. ನಾನು ಬತ್ತಿ ಹಚ್ಚಿದ್ದು ಆಗಲೇ.

ಮಾರನೆಯ ದಿನವೆಲ್ಲ ಅವಳಿಗೆ ರಕ್ತ ಏರಿಸಿದರು. ಮೂತ್ರವನ್ನು ಅಳೆದು ಬರೆದಿಡುವ ಕೆಲಸವನ್ನು ಸಿಸ್ಟರ್ ನನಗೆ ಕೊಟ್ಟಿದ್ದರು; ಅದು ಬಂದರೆ ಮೈಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆ ಎಂದರ್ಥವಂತೆ. ಎಷ್ಟೋ ಹೊತ್ತು ಬರೆಯಲು ಏನೂ ಇರಲಿಲ್ಲ. ಸಂಜೆಗೆ ಪಾತ್ರೆಯ ತಳ ಮುಚ್ಚುವಷ್ಟು ಬಂತು. ದೇವರೇ, ಇಷ್ಟಾದರೂ ಕೊಟ್ಟೆಯಲ್ಲ ಎಂದೆ. ಅಂಥದ್ದಕ್ಕೂ ಕೈಮುಗಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಒಂಬತ್ತು ದಿನಕ್ಕೆ ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರರನ್ನು ಕೇಳಿದೆ: ನಾನು ಆ ಪ್ಲಸ್ ಕೊಡದಿದ್ದರೆ ಇವಳಿಗೆ ರಕ್ತ ಹೋಗುತ್ತಿರಲಿಲ್ಲವೇ?

"ಹೇಳೋಕಾಗಲ್ಲಮ್ಮ. ಡೆಂಗ್ಯೂ ಒಂದರಿಂದಲೇ ಹೀಗಾಗೋದೂ ಉಂಟು. ನೀವು ಸೀಸೆ ತೋರಿಸಿದ್ದು ಒಳ್ಳೇದಾಯ್ತು."

ಹೇಳೋಕಾಗಲ್ಲ ಎಂಬ ಮಾತನ್ನು ನಾನು ಇನ್ನೂ ಹೊತ್ತುಕೊಂಡಿದ್ದೇನೆ. ಸೀಸೆ ತೋರಿಸಿದ್ದು ಒಳ್ಳೇದಾಯ್ತು ಎಂದದ್ದನ್ನು ಅತ್ತೆಗೆ ಹೇಳಿದೆ. ಅವರು ಮಗಳ ಚಪ್ಪಲಿ ಎತ್ತಿಕೊಂಡು ಮೆಟ್ಟಿಲಿಳಿದರು.