ಎಲ್ಲರೂ ಪಾಸು, ಮೀಟರು ಫೇಲು

ರಾಯದುರ್ಗದ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನನಗೆ ಪ್ರಾಕ್ಟಿಕಲ್ ಪರೀಕ್ಷೆ ಎಂದರೆ ಮಕ್ಕಳಿಗಿಂತ ಹೆಚ್ಚು ಭಯ. ಹಿಂದಿನ ವಾರದಿಂದಲೇ ಚಿಂತೆ ಶುರು. ಕರೆಂಟು ಹೋದರೆ? ಮೀಟರು ಕೈಕೊಟ್ಟರೆ? ಹೊರಗಿನಿಂದ ಬರುವ ಪರೀಕ್ಷಕರಿಗೆ ನಮ್ಮ ಮೆಸ್ಸಿನ ಒಗ್ಗರಣೆ ಸೇರದಿದ್ದರೆ? ಇಷ್ಟೆಲ್ಲ ಮುಂದಾಲೋಚನೆ ಮಾಡುವವನಿಗೆ ಅಸಿಟಿಕ್ ಆಮ್ಲದ ಬಾಟಲಿ ಖಾಲಿಯಾಗಿರುವುದು ಮಾತ್ರ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಗೊತ್ತಾಯಿತು.

ನಮ್ಮೂರಲ್ಲಿ ಅದಕ್ಕೂ ದಾರಿ ಇದೆ. ಜೀನ್ಸ್ ಪ್ಯಾಂಟು ಹೊಲಿಯುವ ಊರು ಇದು. ಹೊಲಿದ ಪ್ಯಾಂಟನ್ನು ತೊಳೆದು ಬಣ್ಣ ಇಳಿಸುವ ವಾಷಿಂಗ್ ಘಟಕಗಳಲ್ಲಿ ಕೊನೆಗೆ ಬಟ್ಟೆಯ ಕ್ಷಾರ ಮುರಿಯಲು ಒಂದಿಷ್ಟು ಆಸಿಡ್ ಹಾಕುತ್ತಾರೆ. ಪರಿಚಯದ ಘಟಕವೊಂದಕ್ಕೆ ಫೋನು ಮಾಡಿದೆ. ಸಂಜೆಯೊಳಗೆ ಒಂದು ಕ್ಯಾನು ಬಂತು. ಮುಚ್ಚಳ ತೆಗೆದರೆ ಮೂಗು ಕೀಳುವ ಹುಳಿ ಘಾಟು. ಸರಿ, ಇದೇ, ಎಂದುಕೊಂಡೆ. ಆದರೂ ಚಿಂತೆಯವನಲ್ಲವೇ, ಹನಿಹನಿಯಾಗಿ ಕ್ಷಾರ ಬೆರೆಸಿ ಅಳೆಯುವ ಟೈಟ್ರೇಶನ್ ಮಾಡಿ ಸಾಂದ್ರತೆ ಸರಿಯಾಗಿ ನೂರರಲ್ಲೊಂದು ಮೋಲಾರ್ ಬರುವಂತೆ ನೀರು ಬೆರೆಸಿ, ಬಾಟಲಿಗೆ ಚೀಟಿ ಅಂಟಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನದ ಪ್ರಯೋಗ ಸುಲಭದ್ದು. ಆಮ್ಲದಲ್ಲಿ ಎಲೆಕ್ಟ್ರೋಡಿನ ಸೆಲ್ ಮುಳುಗಿಸಿ, ಅದು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬ ವಾಹಕತೆಯನ್ನು ಮೀಟರಿನಲ್ಲಿ ಓದಬೇಕು. ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ಮೋಲಾರ್ ವಾಹಕತೆ. ಆಮ್ಲದ ಅಣುಗಳೆಲ್ಲ ಒಡೆದು ಅಯಾನುಗಳಾಗಿದ್ದರೆ ಎಷ್ಟು ಬರುತ್ತಿತ್ತೋ ಅದು ಪುಸ್ತಕದಲ್ಲಿದೆ, ಅಸಿಟಿಕ್‌ಗೆ ಮುನ್ನೂರ ತೊಂಬತ್ತು. ನಮ್ಮದನ್ನು ಅದರಿಂದ ಭಾಗಿಸಿದರೆ ನಿಜವಾಗಿ ಒಡೆದದ್ದು ಎಷ್ಟು ಪಾಲು ಎಂದು ತಿಳಿಯುತ್ತದೆ. ದುರ್ಬಲ ಆಮ್ಲ ಪಾಪ, ನೂರರಲ್ಲಿ ನಾಲ್ಕು ಅಣು ಒಡೆದರೆ ಹೆಚ್ಚು. ಆ ಪಾಲಿನ ವರ್ಗ ಹಾಕಿ ಕೊನೆಗೆ ಆಮ್ಲದ ಸ್ಥಿರಾಂಕ ತೆಗೆಯಬೇಕು.

ಪರೀಕ್ಷಕರು ಮಡಕಶಿರಾದ ಕಾಲೇಜಿನವರು. ಗುಂಡು ಮುಖ, ನಗು ಬಂದರೆ ಮೊದಲು ಹೊಟ್ಟೆ ಅಲುಗುತ್ತದೆ. ಬಂದವರೇ, "ಸಾರ್, ಕಾಫಿ ಆಮೇಲೆ, ಮೊದ್ಲು ಹುಡುಗ್ರನ್ನ ನೋಡವ" ಎಂದು ಮೇಜುಗಳ ನಡುವೆ ತಿರುಗತೊಡಗಿದರು.

ನನ್ನ ಕಣ್ಣು ಇದ್ದದ್ದು ಕೊನೆಯ ಮೇಜಿನ ಹುಡುಗಿಯ ಮೇಲೆ. ಡಿ. ಹಿರೇಹಾಳ್ ಕಡೆಯವಳು. ಕಳೆದ ವರ್ಷ ಇದೇ ಪ್ರಯೋಗದಲ್ಲಿ ದಶಮಾಂಶ ಬಿಂದುವನ್ನು ಒಂದು ಸ್ಥಾನ ಜಾರಿಸಿ ಫೇಲಾಗಿದ್ದಳು. ಉಳಿದ ಎಲ್ಲ ಪಾಸು, ಇದೊಂದು ಬಾಕಿ. ಬಳ್ಳಾರಿ ಕಡೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸದ ಮಾತಾಗಿತ್ತು, ಪದವಿ ಕೈಗೆ ಬಂದರೆ ಮಾತ್ರ. ಅವಳಿಗಿಂತ ನಾನು ಹೆಚ್ಚು ದೇವರ ನೆನೆಯುತ್ತಿದ್ದೆ.

ಹಿಂದಿನಿಂದ ಇಣುಕಿದೆ. ಬರಬೇಕಾದ ಸ್ಥಿರಾಂಕ 1.8 × 10⁻⁵. ಅವಳದು 1.9 × 10⁻⁴. ಹತ್ತು ಪಟ್ಟು! ಮತ್ತೆ ಅದೇ ಬಿಂದು!

"ಏಯ್, ಪಾಯಿಂಟ್ ನೋಡಮ್ಮಾ" ಎಂದು ಪಿಸುಗುಟ್ಟಿದೆ.

"ನೋಡೀನ್ರಿ ಸರ್."

"ಮತ್ತೊಮ್ಮೆ ನೋಡು."

"ಮೂರ್ ಸಲ ನೋಡೀನ್ರಿ. ನೀವ್ಯಾಕ ಬೆವರಾಕ ಹತ್ತೀರಿ?"

ಅಷ್ಟರಲ್ಲಿ ಪರೀಕ್ಷಕರು ನಮ್ಮ ಹಿಂದೆ ನಿಂತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿರುವವನಂತೆ ನಟಿಸಿದೆ.

"ಏನಮ್ಮ, ಹತ್ ಪಟ್ಟು ಜಾಸ್ತಿ ತೆಗ್ದಿದ್ದೀಯ. ಪಾಯಿಂಟ್ ಜಾರ್ತಾ?"

ಹುಡುಗಿಯ ತುಟಿ ಒಣಗಿತ್ತು, ಮಾತು ಒಣಗಿರಲಿಲ್ಲ. "ಜಾರಿದ್ರ ರೀಡಿಂಗೇ ಹತ್ತು ಪಟ್ಟು ಆಗ್ಬೇಕಿತ್ರಿ ಸರ್. ಹಂಗಾಗಿದ್ರ ಕೊನೀ ಉತ್ತರ ನೂರ್ ಪಟ್ಟು ದಾಟ್ತಿತ್ತು. ನನ್ ರೀಡಿಂಗು ಮೂರು ಪಟ್ಟು ಐತ್ರಿ. ವರ್ಗ ಮಾಡಿದ್ದಕ್ಕ ಹತ್ತರ ಹತ್ರ ಬಂದೈತಿ. ನಾನು ಬರ್ದಿದ್ದು ಮೀಟರ್ ತೋರ್ಸಿದ್ದೇ."

ಪರೀಕ್ಷಕರ ಹೊಟ್ಟೆ ಸಣ್ಣಗೆ ಅಲುಗಿತು. ಮುಂದಿನ ಮೇಜಿಗೆ ತಿರುಗಿದರು.

"ನಿಂದು ಎಷ್ಟಪ್ಪ ರೀಡಿಂಗು?"

"ಪಾಯಿಂಟ್ ಒನ್ ಸಿಕ್ಸ್ ಸರ್."

"ನಿಂದಮ್ಮ?"

"ಪಾಯಿಂಟ್ ಒನ್ ಸಿಕ್ಸ್ ಸಾರ್."

ಇಡೀ ಲ್ಯಾಬು ಪಾಯಿಂಟ್ ಒನ್ ಸಿಕ್ಸ್. ಅಸಿಟಿಕ್‌ಗೆ ಪುಸ್ತಕ ಹೇಳುವಷ್ಟೇ, ಒಂದು ಕೂದಲೂ ಆಚೀಚೆ ಇಲ್ಲ. ಪರೀಕ್ಷಕರು ಎಲ್ಲರನ್ನೂ ಲ್ಯಾಬಿನ ಒಂದೇ ಒಂದು ಮೀಟರಿನ ಸುತ್ತ ನಿಲ್ಲಿಸಿ, ಸೆಲ್ಲನ್ನು ಆಮ್ಲದಲ್ಲಿ ಅದ್ದಿದರು. ಮೀಟರು 0.50 ಮಿಲಿಸೀಮೆನ್ಸ್ ಎಂದಿತು. ಅಲ್ಲಾಡಲಿಲ್ಲ.

"ಓಹೋ! ಎಲ್ರೂ ಪಾಸು, ಮೀಟ್ರು ಒಂದೇ ಫೇಲು" ಎಂದರು ಪರೀಕ್ಷಕರು. "ಸಾರ್, ನಿಮ್ ಮಕ್ಕಳು ಮೀಟ್ರು ಮುಟ್ದಲೇ ರೀಡಿಂಗ್ ತಗೀತಾರಲ್ಲ, ನಮ್ಮೂರಿಗೂ ಒಸಿ ಕಳಿಸ್ಕೊಡಿ."

ಮೀಟರಿನ ಸರದಿ ಕಾಯುವುದು ಯಾರಿಗೆ ಬೇಕು? ಹಳೆಯ ರೆಕಾರ್ಡಿನ ಸಂಖ್ಯೆ ಎಲ್ಲರ ಬಾಯಲ್ಲೂ ಇತ್ತು. ಸರದಿಯಲ್ಲಿ ನಿಂತು ಓದಿದ್ದವಳು ಅವಳೊಬ್ಬಳೇ.

ಮೀಟರೇ ಕೆಟ್ಟಿದ್ದರೆ? ನನ್ನ ಚಿಂತೆಗೆ ಈಗ ಕೆಲಸ ಸಿಕ್ಕಿತು. ಡಿಸ್ಟಿಲ್ಡ್ ನೀರಲ್ಲಿ ಅದ್ದಿದೆ, ಹೆಚ್ಚುಕಡಿಮೆ ಸೊನ್ನೆ. ಪೊಟ್ಯಾಸಿಯಂ ಕ್ಲೋರೈಡಿನ ಪ್ರಮಾಣಿತ ದ್ರಾವಣದಲ್ಲಿ ಅದ್ದಿದೆ, 1.41, ಬರಬೇಕಾದದ್ದೇ ಬಂತು. ರೀಡಿಂಗು ಬಿಸಿಲಿಗೆ ಏರಿರಬಹುದೇ? ಬಿಸಿಲಿಗೆ ಏರಿದರೂ ಮೂರು ಪಟ್ಟು ಏರುವುದಿಲ್ಲ. ಸಾಂದ್ರತೆ ನಾನೇ ಟೈಟ್ರೇಶನ್ ಮಾಡಿದ್ದು. ನೀರು ಸರಿ, ಮೀಟರು ಸರಿ, ಸಾಂದ್ರತೆ ಸರಿ. ಉಳಿದದ್ದು ಆಮ್ಲ. ಯಾವ ಆಮ್ಲವಾದರೂ ಟೈಟ್ರೇಶನ್ನಿನಲ್ಲಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ತಾನು ಯಾರೆಂದು ಹೇಳುವುದಿಲ್ಲ.

ವಾಷಿಂಗ್ ಘಟಕಕ್ಕೆ ಫೋನು ಮಾಡಿದೆ. ಗಾಬರಿಯಲ್ಲಿ ಕೈ ಸ್ಪೀಕರ್ ಒತ್ತಿತು.

"ಅಸಿಟಿಕ್ ಮುಗಿದಿತ್ರಿ ಸರ್. ಫಾರ್ಮಿಕ್ ಕಳಿಸೀವಿ. ಎರಡೂ ಅದೇ ಕೆಲ್ಸ ಮಾಡ್ತಾವ, ಪ್ಯಾಂಟಿಗೇನ್ ಗೊತ್ತಾಕ್ಕೈತ್ರಿ?"

ಪರೀಕ್ಷಕರು ಮೇಜು ಹಿಡಿದುಕೊಂಡು ನಕ್ಕರು. "ಪ್ಯಾಂಟಿಗೂ ಗೊತ್ತಾಗ್ಲಿಲ್ಲ, ನಮ್ ಸಾರ್‌ಗೂ ಗೊತ್ತಾಗ್ಲಿಲ್ಲ!"

ಫಾರ್ಮಿಕ್, ಅಂದರೆ ಇರುವೆ ಕಚ್ಚಿದಾಗ ಉರಿಸುವ ಆಮ್ಲ. ಅದೂ ದುರ್ಬಲವೇ, ಆದರೆ ಅಸಿಟಿಕ್‌ನಷ್ಟು ಸೋಮಾರಿಯಲ್ಲ. ನೂರರಲ್ಲಿ ಹನ್ನೆರಡು ಅಣು ಒಡೆಯುತ್ತವೆ. ಸ್ಥಿರಾಂಕವೂ ಸರಿಯಾಗಿ ಹತ್ತು ಪಟ್ಟು, ಬಿಂದು ಜಾರಿದಂತೆಯೇ ಕಾಣಲು ಹೇಳಿ ಮಾಡಿಸಿದ ಹಾಗೆ.

ಪರೀಕ್ಷಕರು ಹುಡುಗಿಗೆ ಫಾರ್ಮಿಕ್‌ನ ನಾನೂರ ನಾಲ್ಕು ಹೇಳಿ ಮತ್ತೆ ಲೆಕ್ಕ ಮಾಡಿಸಿದರು. ತನ್ನ ಮೋಲಾರ್ ವಾಹಕತೆ ಐವತ್ತನ್ನು ಅದರಿಂದ ಭಾಗಿಸಿದಳು, ವರ್ಗ ಹಾಕಿದಳು. 1.75 × 10⁻⁴. ಪುಸ್ತಕದಲ್ಲಿ 1.8. ಅವರು ಅವಳ ಉತ್ತರಪತ್ರಿಕೆಗೆ ಅಂಕ ಹಾಕಿ, ನನಗೆ ಕಾಣುವಂತೆ ತಿರುಗಿಸಿದರು. ಅಷ್ಟು ಅಂಕವನ್ನು ನಾನು ಯಾರಿಗೂ ಹಾಕಿದವನಲ್ಲ.

"ಊಟ ಮಾಡೋಗಮ್ಮ. ಮಿಕ್ಕಿದವರೆಲ್ಲ ಲೈನಿಗೆ ಬನ್ನಿ, ಮೊದ್ಲಿಂದ. ಸಾರ್, ನೀವೂನೂ."

"ನಾನಾ?"

"ಚೀಟಿ ಅಂಟ್ಸಿದವ್ರು ತಾವಲ್ವಾ?"

ವಿರೋಧಿಸುವ ಧೈರ್ಯ ಇರಲಿಲ್ಲ. ಮಕ್ಕಳ ಸಾಲಿನ ಕೊನೆಗೆ ನಿಂತೆ. ಮುಂದಿನವರು ಬಾಯಿಗೆ ಕೈ ಅಡ್ಡ ಇಟ್ಟು ಅಲುಗುತ್ತಿದ್ದರು. ನನ್ನ ಸರದಿ ಬಂತು. ಓದಿದೆ, ಬರೆದೆ, ಭಾಗಿಸಿದೆ. ಇಪ್ಪತ್ತು ವರ್ಷ ಕಲಿಸಿದ ಪ್ರಯೋಗ.

ಚೀಲ ಹೆಗಲಿಗೇರಿಸಿ ಹೊರಟಿದ್ದ ಹುಡುಗಿ ನನ್ನ ಹಾಳೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು.

"ಸರ್" ಎಂದು ಪಿಸುಗುಟ್ಟಿದಳು, "ಪಾಯಿಂಟ್ ನೋಡ್ರಿ."

ನೋಡಿದೆ. ಜಾರಿತ್ತು.