‘ಹೇಳಿ’ ಎನ್ನದೆ ಹೋದ ಒಂದು ಬೆಳಿಗ್ಗೆ

ಮಣಿಪಾಲದ ಆ ಮುದ್ರಣಾಲಯಕ್ಕೆ ನಾನು ಸೇರಿದ ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿದ್ದದ್ದು ಒಂದೇ ಫೋನು. ಅದು ನನ್ನ ಮೇಜಿನ ಮೇಲೆಯೇ ಇತ್ತು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ ಎಲ್ಲದರ ಅಕ್ಷರ ಜೋಡಣೆ ನನ್ನದು. ಫೋನಿಗೆ ಉತ್ತರಿಸುವುದೂ ನನ್ನದೇ. ಮೊದಲನೆಯದಕ್ಕಿಂತ ಎರಡನೆಯದರಲ್ಲಿ ನಾನು ಹೆಚ್ಚು ಜಾಣನಾಗಿದ್ದೆ ಎಂದು ಇವತ್ತಿಗೂ ಧೈರ್ಯವಾಗಿ ಹೇಳಬಲ್ಲೆ.

ಫೋನಿಗೊಂದು ಕ್ರಮವಿತ್ತು. ಮಾಡಿದವರು ‘ಹಲೋ’ ಎನ್ನಬೇಕು, ನಾನು ಪ್ರೆಸ್ಸಿನ ಹೆಸರು ಹೇಳಬೇಕು. ಅವರು ನಮಸ್ಕಾರ ಎಂದರೆ ನಾನೂ ನಮಸ್ಕಾರ ಎನ್ನಬೇಕು. ಕಾಪುವಿನ ಮೀನು ವ್ಯಾಪಾರಿಯೊಬ್ಬರಿದ್ದರು. ಅವರಾದರೆ ಕಡಲು ಹೇಗುಂಟು ಎನ್ನುವುದನ್ನು ನಾನೇ ಮೊದಲು ಕೇಳಬೇಕು, ಇಲ್ಲವಾದರೆ ಬೇಸರ. ಇದೆಲ್ಲ ಆದರೂ ವಿಷಯ ಶುರುವಾಗುತ್ತಿರಲಿಲ್ಲ. ನಾನು ‘ಹೇಳಿ’ ಎನ್ನುವವರೆಗೆ ಆಚೆಯವರು ಕಾಯುತ್ತಿದ್ದರು. ಆ ಎರಡಕ್ಷರ ಬಾಗಿಲ ಚಿಲಕ ಇದ್ದ ಹಾಗೆ, ಒಳಗಿದ್ದವನೇ ತೆಗೆಯಬೇಕು. ಕೊನೆಗೆ ‘ಇಡ್ಲಾ?’ ಎಂದು ಅವರು ಕೇಳಿ, ‘ಆಯ್ತು, ಇಡಿ’ ಎಂದು ನಾನು ಒಪ್ಪಿಗೆ ಕೊಟ್ಟ ಮೇಲೆಯೇ ಫೋನು ಇಡುವುದು. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಕಲಿಸಿದ್ದರೆ ಅದರ ಬಗ್ಗೆಯೂ ಯೋಚನೆ ಮಾಡಿ ಮಾಡಿ ಹಾಳು ಮಾಡಿಕೊಳ್ಳುತ್ತಿದ್ದೆನೋ ಏನೋ.

ಯೋಚನೆ ನನ್ನ ಹುಟ್ಟುಗುಣ. ಪ್ರೆಸ್ಸಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಬಂದವನು ಬೀಗ ಹಾಕಿದೆನೇ ಎಂದು ನೋಡಲು ಮರಳಿ ಹೋದದ್ದುಂಟು. ಹೋದವನು ಬೀಗ ಜಗ್ಗಿದೆನೇ ಎಂದು ಇನ್ನೊಮ್ಮೆ ಹೋದದ್ದೂ ಉಂಟು.

ಆಮೇಲೆ ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಧಣಿಗಳು ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಒಂದು ಕೌಂಟರ್ ತೆರೆದರು. ಮದುವೆ ಕಾಗದದ ಮಾದರಿ ತೋರಿಸುವುದು, ಆರ್ಡರ್ ತೆಗೆದುಕೊಳ್ಳುವುದು, ಪ್ರೂಫಿಗೆ ಗಿರಾಕಿಗಳ ಸಹಿ ಹಾಕಿಸಿ ಬಸ್ಸಿನಲ್ಲಿ ಮಣಿಪಾಲಕ್ಕೆ ಕಳಿಸುವುದು ಅಲ್ಲಿನ ಕೆಲಸ. ಅದಕ್ಕೆ ಬಾಗಲಕೋಟೆ ಕಡೆಯ ಒಬ್ಬ ಹೆಂಗಸನ್ನು ನೇಮಿಸಿದರು. ವಯಸ್ಸು ಮೂವತ್ತರ ಆಸುಪಾಸು. ಗಂಡ ಪಡುಬಿದ್ರಿಯ ಕಡೆ ಕಟ್ಟಡ ಕೆಲಸದಲ್ಲಿದ್ದವರು. ಮೂರು ತಿಂಗಳು ನೋಡುವುದು, ಸರಿಬಂದರೆ ಕಾಯಂ ಎಂದು ಮಾತಾಗಿತ್ತು. ಮೊದಲ ಎರಡು ತಿಂಗಳು ಆಕೆಯೂ ನಾನೂ ಫೋನಿನಲ್ಲೇ ಮಾತಾಡಿದ್ದು. ‘ನಮಸ್ಕಾರ್ರೀ ಸರ’ ಎಂದು ಎಳೆದು ಹೇಳುವ ದನಿಗೆ ನಾನು ‘ನಮಸ್ಕಾರ, ಹೇಳಿ’ ಎನ್ನುತ್ತಿದ್ದೆ. ಒಂದು ಸಲವೂ ಒಂದು ಕಾಗದ ತಪ್ಪಿದ್ದಿಲ್ಲ.

ಮೂರನೇ ತಿಂಗಳು ಧಣಿಗಳಿಗೆ ಒಂದು ವಿಚಾರ ಹೊಳೆಯಿತು. ಫೋನು ಗಿರಾಕಿಗಳಿಗೆ ಇರಲಿ, ನಾವು ನಾವು ಕಂಪ್ಯೂಟರಿನಲ್ಲೇ ಚಾಟ್ ಮಾಡುವುದು. ನೆಂಟರ ಹುಡುಗನೊಬ್ಬ ಬಂದು ಎರಡೂ ಕಡೆ ಅದನ್ನು ಹಾಕಿಕೊಟ್ಟ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಆಚೆಯವರು ಕುಳಿತಿದ್ದರೆ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತದೆ. ಇಷ್ಟು ಹೇಳಿಕೊಟ್ಟು ಹೋದ. ನಮಸ್ಕಾರವನ್ನು ಏನು ಮಾಡಬೇಕೆಂದು ಮಾತ್ರ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ವಾರದ ಒಂದು ಬೆಳಿಗ್ಗೆ, ಒಂಬತ್ತು ಐವತ್ತಕ್ಕೆ, ನನ್ನ ಪರದೆಯ ಮೂಲೆಯಲ್ಲಿ ‘ನಮಸ್ಕಾರ ಸರ್’ ಎಂದು ಮೂಡಿತು. ಅಷ್ಟೇ. ಮುಂದೆ ಏನಾದರೂ ಬರುತ್ತದೆಂದು ನೋಡಿದೆ. ಬರಲಿಲ್ಲ.

ಈಗ ನಾನು ಏನು ಬರೆಯಬೇಕು? ‘ಹಾಯ್’ ಎಂದು ಬರೆದೆ. ಮದುವೆಯಾದ ಹೆಂಗಸಿಗೆ, ಅದೂ ಪ್ರೆಸ್ಸಿನ ಕಂಪ್ಯೂಟರಿನಿಂದ, ಹಾಯ್ ಎನ್ನುವುದೇ? ಅಳಿಸಿದೆ. ‘ನಮಸ್ಕಾರ’ ಎಂದು ಬರೆದೆ. ಬರೀ ನಮಸ್ಕಾರ ಬರೆದರೆ ಮಾತು ಅಲ್ಲಿಗೇ ಮುಗಿಸಿದಂತೆ ಕಾಣುವುದಿಲ್ಲವೇ? ‘ಹೇಳಿ’ ಸೇರಿಸಿದೆ. ಬಾಯಲ್ಲಿ ಆಡುವಾಗ ಅಷ್ಟು ಮೆತ್ತಗಿದ್ದ ಪದ ಪರದೆಯ ಮೇಲೆ ಪೊಲೀಸ್ ಠಾಣೆಯಲ್ಲಿ ಕೇಳಿದ ಹಾಗೆ ಕಂಡಿತು. ಅದನ್ನೂ ಅಳಿಸಿದೆ. ಅಷ್ಟಕ್ಕೂ ವಿಷಯ ಇರುವುದು ಅವರ ಕಡೆ. ಇದ್ದರೆ ಅವರೇ ಬರೆಯುತ್ತಾರೆ ಎಂದುಕೊಂಡೆ. ಹತ್ತು ನಿಮಿಷ ಹೀಗೆ ಕಳೆಯಿತು. ಅಷ್ಟರಲ್ಲಿ ಯಂತ್ರದ ಕೋಣೆಯಿಂದ ಅಚ್ಚಿನ ಪ್ಲೇಟ್ ನೋಡಲು ಕರೆದರು. ಎದ್ದು ಹೋದೆ.

ಅಲ್ಲಿ ಕಾಯುತ್ತಿದ್ದದ್ದು ಬಜಗೋಳಿಯ ಒಬ್ಬರ ಮಗಳ ಮದುವೆ ಕಾಗದ. ಸಹಿ ಹಾಕಿದ ಪ್ರೂಫು ಹಿಂದಿನ ಸಂಜೆಯೇ ಬಸ್ಸಿನಲ್ಲಿ ಬಂದಿತ್ತು. ಪ್ಲೇಟ್ ಕಟ್ಟಿದರು, ಶಾಯಿ ಸರಿ ಮಾಡಿದರು, ಹನ್ನೆರಡರೊಳಗೆ ಆರುನೂರು ಕಾಗದಗಳೂ ಅಚ್ಚಾದವು. ಅರಶಿನ ಬಣ್ಣದ ಕಾಗದದ ಮೇಲೆ ಕೆಂಪು ಅಕ್ಷರ, ಚೆಂದ ಬಂದಿತ್ತು. ಒಣಗಲು ಹರವಿ, ಕೈ ಒರೆಸಿಕೊಳ್ಳುತ್ತ ನನ್ನ ಮೇಜಿಗೆ ಬಂದೆ.

ಪರದೆಯಲ್ಲಿ ಮೂರು ಸಾಲುಗಳಿದ್ದವು. ಮೊದಲಿನ ನಮಸ್ಕಾರ. ಹನ್ನೊಂದಕ್ಕೆ ‘ಸರ್?’. ಹನ್ನೆರಡೂವರೆಗೆ, ಅಂದರೆ ಆಗ ತಾನೇ, ‘ಸರ್ ಊಟ ಆಯ್ತೇನ್ರಿ?’

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಯೋಚನೆಯೇ ಇಲ್ಲದೆ ‘ಇಲ್ಲ, ಇನ್ನು ಆಗಬೇಕಷ್ಟೆ. ನಿಮ್ಮದು?’ ಎಂದು ಬರೆದೆ.

‘ಆಗಿಲ್ರಿ. ಬಜಗೋಳಿ ಮದುವಿ ಹಾಲ್ ಬದಲಾಗೇತ್ರಿ. ಅವ್ರು ಮುಂಜಾನೆ ಬಾಗ್ಲಾ ತೆಗೆಯೂದ್ರಾಗ ಬಂದು ಹೇಳ್ಯಾರ್ರಿ.’

ಆರುನೂರು ಕಾಗದಗಳು ಒಣಗುತ್ತಿದ್ದವು. ಹಸಿವು ಹೋಯಿತು.

ಗಿರಾಕಿಗೆ ತೊಂದರೆಯಾಗಲಿಲ್ಲ. ಅದೇ ಸಂಜೆ ಹೊಸ ಪ್ಲೇಟ್ ಮಾಡಿ, ಮತ್ತೆ ಅಚ್ಚು ಹಾಕಿ, ಮರುದಿನ ತಲುಪಿಸುವುದೆಂದಾಯಿತು. ಆದರೆ ಧಣಿಗಳು ಬಿಡಲಿಲ್ಲ. ಹರವಿದ್ದ ಕಾಗದಗಳ ನಡುವೆ ನಿಂತು, ಫೋನು ಬೇಡ ಅಂದದ್ದು ಹೌದು, ಅದಕ್ಕೆ ಚಾಟ್ ಕೊಟ್ಟದ್ದು ತಾನೇ ಎಂದರು. ನಾನು ತಲೆಯಾಡಿಸಿದೆ.

“ಒಂದು ಮಾತು ಹೇಳ್ಲಿಕ್ಕೆ ಮೂರು ಗಂಟೆ ಬೇಕಾ ಮಾರಾಯ? ಇದು ಆಗ್ಲಿಕ್ಕಿಲ್ಲ. ಶನಿವಾರ ಮೂರು ತಿಂಗಳು ಆಗ್ತದಲ್ವಾ, ಬೇಡ ಅಂತ ಅವರಿಗೆ ಹೇಳಿ ಬಿಡು. ನಾಳೆ ನೀನೇ ಹೋಗಿ ಬಾ.”

ಆಗ ಬಾಯಿ ಬಿಡಬೇಕಿತ್ತು. ನಮಸ್ಕಾರವನ್ನು ನಾನು ನೋಡಿದ್ದೆ, ಅದರ ಎದುರು ಕುಳಿತು ಹತ್ತು ನಿಮಿಷ ಬರೆದು ಅಳಿಸಿದ್ದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಅದರಲ್ಲಿ ವಿಶೇಷವಿಲ್ಲ. ನನಗೆ ಬೀಗದ ವಿಷಯಕ್ಕೂ ನಿದ್ದೆ ಬರುವುದಿಲ್ಲ.

ಮರುದಿನ ಹೊಸ ಕಾಗದಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಕಳದ ಬಸ್ಸಿನಲ್ಲಿ ಕುಳಿತೆ. ‘ಬೇಡ’ ಎನ್ನುವುದನ್ನು ಮೃದುವಾಗಿ ಹೇಳುವ ಏಳು ಬಗೆಗಳನ್ನು ಹಿರಿಯಡಕದವರೆಗೆ ಯೋಚಿಸಿದೆ. ಒಂದೂ ಸರಿಹೋಗಲಿಲ್ಲ.

ನಾನು ಒಳಗೆ ಹೋದಾಗ ಆಕೆ ಫೋನಿನಲ್ಲಿದ್ದಳು. ಕೈಯಲ್ಲೇ ಕುರ್ಚಿ ತೋರಿಸಿದಳು. ಆಚೆಗೆ ಯಾರೋ ಮುದುಕರು ಇದ್ದಿರಬೇಕು. ನಮಸ್ಕಾರ ಆಯಿತು, ಕಾಲುನೋವು ಆಯಿತು, ‘ಹೇಳ್ರಿ ಅಜ್ಜಾರ’ ಎಂದಳು, ಬರೆದುಕೊಂಡಳು, ಬರೆದದ್ದನ್ನು ತಿರುಗಿ ಓದಿ ಒಪ್ಪಿಸಿದಳು, ‘ಇಡ್ಲೇನ್ರಿ?’ ಎಂದು ಕೇಳಿ ಇಟ್ಟಳು. ಅಷ್ಟು ಅಚ್ಚುಕಟ್ಟಾಗಿ ಫೋನು ಮಾತಾಡುವವರನ್ನು ನನ್ನನ್ನು ಬಿಟ್ಟರೆ ಇನ್ನೊಬ್ಬರನ್ನು ನಾನು ಕಂಡಿರಲಿಲ್ಲ.

ಹಿಂದಿನ ದಿನದ ಮಾತು ತೆಗೆದೆ. ಅವಸರದ ವಿಷಯ, ಒಂದು ಫೋನು ಮಾಡಬಹುದಿತ್ತಲ್ಲ ಎಂದೆ. ಆಕೆಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ನಾನು ಏನೋ ತಿಳಿಯದವನ ಹಾಗೆ ಕೇಳುತ್ತಿದ್ದೇನೆ ಎನ್ನುವಂತೆ ನೋಡಿದಳು.

“ನಿಮ್ಮ ಹಸರ ಚುಕ್ಕಿ ಇತ್ತಲ್ರಿ ಸರ. ಅಂದ್ರ ನೀವು ಕುಂತೀರಿ. ಕುಂತಾವ್ರು ನಮಸ್ಕಾರಕ್ಕ ಮಾತಾಡಲಿಲ್ಲ ಅಂದ್ರ ಈಗ ಬ್ಯಾಡ ಅಂತ ಅರ್ಥ ಅಲ್ಲೇನ್ರಿ? ಮ್ಯಾಲ ಫೋನ್ ಹಚ್ಚಿ ಕಾಡೂದು ಹ್ಯಾಂಗ? ನೀವು ಹೇಳ್ರಿ ಅಂದಿದ್ರ ಹೇಳೇ ಬಿಡ್ತಿದ್ನಿ.”

ಹತ್ತು ವರ್ಷ ಫೋನಿನಲ್ಲಿ ಆ ಚಿಲಕವನ್ನು ತೆಗೆದು ತೆಗೆದು ಕೊಟ್ಟವನು ನಾನು. ಮೊದಲ ಸಲ ಅದನ್ನು ಬರೆಯಬೇಕಾದಾಗ ಬರೆದು ಅಳಿಸಿದ್ದೆ. ಆಕೆ ಹೊಸ ಯಂತ್ರದಲ್ಲೂ ಹಳೆಯ ಕ್ರಮವನ್ನೇ ಪಾಲಿಸಿದ್ದಳು. ಕ್ರಮ ತಪ್ಪಿದ್ದು ನನ್ನದು.

ಅವಳ ಮೇಜಿನ ಫೋನನ್ನೇ ಎತ್ತಿ ಧಣಿಗಳಿಗೆ ಮಾಡಿದೆ. ಆ ಒಂದು ನಿಮಿಷ ನನಗೆ ಯಾವ ಯೋಚನೆಯೂ ಇರಲಿಲ್ಲ; ಜನ್ಮದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ನಂಬರು ಒತ್ತಿದ್ದಿಲ್ಲ.

“ನಮಸ್ಕಾರ ಸಾರ್.”

“ಹಾಂ, ನಮಸ್ಕಾರ. ಹೇಳು.”

ಹೇಳು ಎಂದರಲ್ಲ, ಹೇಳಿದೆ. ಒಂಬತ್ತು ಐವತ್ತಕ್ಕೇ ನಾನು ನೋಡಿದ್ದೆ, ಅವರು ಕಾದರು, ನಾನು ಉತ್ತರ ಕೊಡಲಿಲ್ಲ, ತಪ್ಪು ನನ್ನದು ಎಂದೆ.

“ಎಂತ ಮಾಡ್ತಾ ಇದ್ದಿ ಆವಾಗ?”

“ಎಂತ ಬರೆಯುವುದು ಅಂತ ಯೋಚನೆ ಮಾಡ್ತಾ ಇದ್ದೆ.”

“ಒಂದು ನಮಸ್ಕಾರಕ್ಕಾ?”

“ಹೌದು ಸಾರ್.”

“ಎಷ್ಟು ಹೊತ್ತು?”

“ಹತ್ತು ನಿಮಿಷ.”

“ಹಾಗಾದ್ರೆ ಬೇಡ ಅನ್ನಬೇಕಾದ್ದು ನಿನಗೆ,” ಎಂದರು. ಅವರ ದನಿಯಲ್ಲಿ ನಗು ಇತ್ತೋ ಇಲ್ಲವೋ ಎಂದು ನಾನು ಯೋಚಿಸುವ ಮೊದಲೇ ಮುಂದಿನ ಮಾತು ಬಂತು. “ಅವರು ಇರ್ಲಿ. ಶನಿವಾರ ಕಾಗದ ಮಾಡಿ ಕೊಡು. ಇಡ್ಲಾ?”

“ಇಡಿ ಸಾರ್.”

ಧಣಿಗಳದ್ದು ಫೋನಿನಾಚೆಗೂ ಕೇಳುವ ದೊಡ್ಡ ದನಿ; ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ‘ಬೇಡ’ ಎನ್ನಲು ಬಂದವನು ನಾನೆಂದು ಆಗಷ್ಟೇ ಅವಳಿಗೆ ಗೊತ್ತಾದದ್ದು. ಎದುರಿನ ಹೋಟೆಲಿನಿಂದ ಚಹಾ ತರಿಸಿದಳು.

ಶನಿವಾರ ಕಾಯಂ ಮಾಡಿದ ಕಾಗದವನ್ನು ನಾನೇ ಟೈಪು ಮಾಡಿದೆ. ಜತೆಗೆ ಎರಡೂ ಕಂಪ್ಯೂಟರುಗಳಿಗೆ ಅಂಟಿಸಲು ಒಂದು ಚೀಟಿಯನ್ನೂ ಮಾಡಿದೆ: ‘ಚಾಟಿನಲ್ಲಿ ನಮಸ್ಕಾರ ಮತ್ತು ವಿಷಯ ಒಂದೇ ಸಾಲಿನಲ್ಲಿ ಬರೆಯತಕ್ಕದ್ದು.’ ಒಳ್ಳೆಯ ನಿಯಮ. ಈಗಲೂ ನಾನು ಅದನ್ನೇ ಎಲ್ಲರಿಗೂ ಹೇಳುತ್ತೇನೆ. ಕಾರ್ಕಳದಲ್ಲಿ ಮಾತ್ರ ಅದು ಒಂದು ದಿನವೂ ನಡೆಯಲಿಲ್ಲ. ನಮಸ್ಕಾರದ ಬೆನ್ನಿಗೇ ವಿಷಯ ಹೇಳುವುದು, ಮನೆಯೊಳಗೆ ಬಂದವರು ಕುಳಿತುಕೊಳ್ಳುವ ಮೊದಲೇ ಬಂದ ಕೆಲಸ ಹೇಳಿದ ಹಾಗೆ ಎಂದು ಆಕೆಯ ವಾದ. ಹಾಗಾಗಿ ನನ್ನ ಕಡೆಯ ಕಂಪ್ಯೂಟರಿಗೆ ಮಾತ್ರ ಬೇರೆ ಚೀಟಿ ಅಂಟಿಸಿಕೊಂಡೆ. ಅದರಲ್ಲಿ ‘ಹೇಳಿ’ ಎಂದಷ್ಟೇ ಇತ್ತು.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕುತ್ತಿದ್ದಂತೆ ‘ನಮಸ್ಕಾರ ಸರ್’ ಬಂತು. ಯಂತ್ರದ ಕೋಣೆಯಲ್ಲಿ ಒಂದು ಪ್ಲೇಟ್ ಕಟ್ಟುತ್ತಿದ್ದರು. ಓಡಿಹೋಗಿ ನಿಲ್ಲಿಸಲು ಹೇಳಿ, ಮರಳಿ ಬಂದು, ಒಂದಕ್ಷರವೂ ಅಳಿಸದೆ ಬರೆದೆ: ‘ನಮಸ್ಕಾರ. ಹೇಳಿ.’

ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಯಂತ್ರದವರು ಬಾಗಿಲಲ್ಲಿ ಬಂದು ನಿಂತರು. ಯಾವ ಹಾಲ್ ಬದಲಾಯಿತೋ, ಯಾರ ಮುಹೂರ್ತ ಮುಂದೆ ಹೋಯಿತೋ ಎಂದು ಪರದೆಯನ್ನೇ ನೋಡುತ್ತ ಕುಳಿತೆ.

‘ಏನಿಲ್ರಿ ಸರ. ಸುಮ್ನ ನಮಸ್ಕಾರ ಮಾಡಿದ್ನಿ.’